ಅಮ್ಮನ ಫೋನಿನಲ್ಲಿ ಗುಬ್ಬಿ ಇನ್ನೂ ನಿಂತೇ ಇದ್ದಳು

ಕಚೇರಿಯಲ್ಲಿ ಎಲ್ಲರೂ ಅವಳನ್ನು ತಡದಕ್ಕ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ತಡವಾಗಿ ಬರುತ್ತಾಳೆಂದಲ್ಲ. ಹದಿನಾಲ್ಕು ವರ್ಷಗಳಲ್ಲಿ ಅವಳು ಒಂದು ದಿನವೂ ಶಿಫ್ಟಿಗೆ ತಡ ಮಾಡಿದವಳಲ್ಲ. ಆಟದ ನೇರ ಪ್ರಸಾರವನ್ನು ಇಂಟರ್ನೆಟ್ಟಿನ ಮೂಲಕ ಜನರ ಫೋನುಗಳಿಗೆ ಮುಟ್ಟಿಸುವ ಕಂಪನಿ ಅದು. ಮೈದಾನದಲ್ಲಿ ನಡೆದದ್ದು ಫೋನಿನಲ್ಲಿ ಕಾಣಿಸಿಕೊಳ್ಳಲು ಎಷ್ಟು ಸೆಕೆಂಡು ಹಿಡಿಯುತ್ತದೆ, ಯಾಕೆ ಹಿಡಿಯುತ್ತದೆ, ಅದನ್ನು ಹೇಗೆ ಇಳಿಸುವುದು ಎಂದು ನೋಡುವುದೇ ಅವಳ ಕೆಲಸ. ಬೆಳಿಗ್ಗೆ ಒಳಗೆ ಕಾಲಿಟ್ಟವಳೇ ಬ್ಯಾಗು ಇಡುವ ಮೊದಲು, "ಇವತ್ತು ತಡ ಎಷ್ಟಿದೆ?" ಎಂದು ಕೇಳುತ್ತಿದ್ದಳು. ಅಲ್ಲಿಂದ ಅಂಟಿಕೊಂಡ ಹೆಸರು ಅದು.

ಈ ಹುಚ್ಚು ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ಟಿವಿ ರಿಪೇರಿ ಮಾಡುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಿಂಬದಿ ಬಿಚ್ಚಿಟ್ಟ ಸೆಟ್ಟುಗಳ ನಡುವೆಯೇ ಅವಳು ಓದಿ ಬರೆದವಳು. ಅಪ್ಪ ತೀರಿಕೊಂಡಾಗ ಅವಳಿಗೆ ಇಪ್ಪತ್ತೆರಡು, ತಂಗಿಗೆ ಒಂಬತ್ತು. ಅಮ್ಮ ಹೊಲಿಗೆ ಹಿಡಿದಳು, ಇವಳು ಕೆಲಸ ಹಿಡಿದಳು. ಮದುವೆಯ ಮಾತು ಬಂದಾಗಲೆಲ್ಲ, "ಮೊದಲು ಗುಬ್ಬಿ ಒಂದು ದಡ ಸೇರಲಿ" ಎಂದು ಇವಳು ತಳ್ಳಿಹಾಕುತ್ತ ಬಂದಳು, ಕೊನೆಗೆ ಕೇಳುವವರೇ ಸುಮ್ಮನಾದರು.

ಗುಬ್ಬಿ ಎಂದರೆ ಆ ತಂಗಿ. ಹುಟ್ಟಿದಾಗ ಅಂಗೈಯಗಲ ಇದ್ದಳಂತೆ, ಅದಕ್ಕೆ ಆ ಹೆಸರು. ಬೆಳೆದದ್ದು ಮಾತ್ರ ಬಾಗಿಲಿನ ಮೇಲ್ಪಟ್ಟಿಗೆ ತಲೆ ತಾಗುವಷ್ಟು. ಆ ಎತ್ತರ ನೋಡಿದ ಶಾಲೆಯ ಆಟದ ಮೇಷ್ಟ್ರು ಅವಳನ್ನು ಫುಟ್‌ಬಾಲ್ ಗೋಲಿನ ಬಾಯಿಗೆ ನಿಲ್ಲಿಸಿದರು. ಬೆಳಗಿನ ಐದೂವರೆಗೆ ಎಬ್ಬಿಸಿ ಮೈದಾನಕ್ಕೆ ಬಿಟ್ಟು ಬರುತ್ತಿದ್ದವಳು ಅಕ್ಕನೇ. ಇಪ್ಪತ್ತೇಳಕ್ಕೆ ಗುಬ್ಬಿ ಲೀಗಿನ ಒಳ್ಳೆಯ ತಂಡವೊಂದರ ಗೋಲ್‌ಕೀಪರ್ ಆಗಿದ್ದಳು. ಆ ಲೀಗಿನ ಪಂದ್ಯಗಳನ್ನು ಫೋನಿಗೆ ಮುಟ್ಟಿಸುತ್ತಿದ್ದದ್ದು ಅಕ್ಕನ ಕಂಪನಿ.

ಇದರಿಂದ ಅಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮನೆಯಲ್ಲಿ ಟಿವಿ ಇದ್ದರೂ ಗುಬ್ಬಿಯ ಆಟವನ್ನು ಅವಳು ಫೋನಿನಲ್ಲೇ ನೋಡುತ್ತಿದ್ದಳು. "ಟಿವೀಲಿ ನೋಡಿದ್ರೆ ಚಿಕ್ಕವಳು ಮಾತ್ರ ಕಾಣ್ತಾಳೆ. ಫೋನಲ್ಲಿ ನೋಡಿದ್ರೆ ಇಬ್ರೂ ಇರ್ತೀರಿ" ಎನ್ನುತ್ತಿದ್ದಳು. ಇದರಲ್ಲಿ ಒಂದೇ ತೊಡಕು, ಪಕ್ಕದ ಮನೆಯ ಟೀಚರಮ್ಮ. ನಿವೃತ್ತರಾದ ಅವರು ಛಾವಣಿಯ ಡಿಶ್‌ನಿಂದ ಬರುವ ಟಿವಿಯಲ್ಲಿ ಪಂದ್ಯ ನೋಡುತ್ತಿದ್ದರು. ನಡುವೆ ಒಂದೇ ಗೋಡೆ. ಗೋಲು ಬಿದ್ದರೆ ಅವರು ಕಿರುಚುತ್ತಿದ್ದರು. ಅಮ್ಮನ ಫೋನಿನಲ್ಲಿ ಚೆಂಡು ಆಗಿನ್ನೂ ಮೈದಾನದ ನಡುವೆ ಉರುಳುತ್ತಿರುತ್ತಿತ್ತು.

"ಆಯಮ್ಮ ಕಿರುಚಿದ ಮೇಲೆ ನನಗೆ ನೋಡೋಕೆ ಏನುಳೀತು? ಅವಳ ಟಿವಿಗೆ ಬೇಗ ಬರತ್ತೆ, ನನ್ನ ಫೋನಿಗೆ ಯಾಕೆ ಬರಲ್ಲ? ನಿನ್ನ ಕೈಯಲ್ಲೇ ಇದೆಯಲ್ಲ?" ಎಂದು ಅಮ್ಮ ಒಮ್ಮೆ ಮಗಳನ್ನು ತರಾಟೆಗೆ ತೆಗೆದುಕೊಂಡಿದ್ದಳು.

ತಡದಕ್ಕ ನೀರಿನ ಹೋಲಿಕೆ ಕೊಟ್ಟು ಬಿಡಿಸಿ ಹೇಳಿದ್ದಳು. "ನೋಡಮ್ಮ, ಅವರ ಟಿವಿಗೆ ಬರೋದು ನಿಲ್ಲದ ನಲ್ಲಿ ಇದ್ದ ಹಾಗೆ. ಒಂದೇ ಧಾರೆ, ಆಕಾಶದಿಂದ ಎಲ್ಲರ ಮನೆಗೂ ಒಟ್ಟಿಗೇ ಸುರಿಯತ್ತೆ. ನಿನ್ನ ಫೋನಿಗೆ ಬರೋದು ಬಿಂದಿಗೆ ಲೆಕ್ಕ. ನಾವು ಆಟಾನ ಆರಾರು ಸೆಕೆಂಡಿನ ತುಂಡು ಮಾಡ್ತೀವಿ. ಒಂದು ತುಂಡು ಪೂರ್ತಿ ತುಂಬೋವರೆಗೂ ಅದನ್ನ ಕಳಿಸೋ ಹಾಗಿಲ್ಲ. ತುಂಬಿದ್ದು ಊರೂರಲ್ಲಿರೋ ಸರ್ವರ್ ಅನ್ನೋ ದೊಡ್ಡ ಕಂಪ್ಯೂಟರಿಗೆ ಹೋಗತ್ತೆ, ಅಲ್ಲಿಂದ ನಿನ್ನ ಫೋನು ಒಂದೊಂದಾಗಿ ಕೇಳಿ ತಗೊಳತ್ತೆ. ತಗೊಂಡ ತಕ್ಷಣ ತೋರಿಸಲ್ಲ. ಮೂರು ನಾಲ್ಕು ತುಂಡು ಕೂಡಿಟ್ಟುಕೊಂಡೇ ಶುರು ಮಾಡತ್ತೆ."

"ಕೂಡಿಡೋದ್ಯಾಕೆ? ಬಂದ ಹಾಗೆ ತೋರಿಸಬಾರದಾ?"

"ನೆಟ್‌ವರ್ಕ್ ಕೈ ಕೊಟ್ಟಾಗ ಚಿತ್ರ ನಿಂತುಬಿಡತ್ತಮ್ಮ. ಕೂಡಿಟ್ಟಿದ್ದು ಆಗ ಕೆಲಸಕ್ಕೆ ಬರತ್ತೆ."

ಅಮ್ಮನಿಗೆ ಇದು ಅರ್ಥವಾಯಿತು, ಆದರೆ ಒಪ್ಪಿಗೆಯಾಗಲಿಲ್ಲ. ಅವಳು ನೇರ ಟೀಚರಮ್ಮನ ಬಾಗಿಲಿಗೆ ಹೋಗಿ, ಇನ್ನು ಮುಂದೆ ಏನೇ ಆದರೂ ಬಾಯಿ ಬಿಡಕೂಡದೆಂದು ಮಾತು ತೆಗೆದುಕೊಂಡು ಬಂದಳು. ಟೀಚರಮ್ಮ ಬಾಯಿಗೆ ದಿಂಬು ಒತ್ತಿಕೊಂಡು ಪಂದ್ಯ ನೋಡುವುದನ್ನು ಕಲಿತರು.

ದೂರು ಅಮ್ಮನದೊಂದೇ ಆಗಿರಲಿಲ್ಲ, ಸಾವಿರಾರು ಜನರದಾಗಿತ್ತು. ಆ ವರ್ಷ ಕಂಪನಿ ಬೇಗದ ದಾರಿಯೊಂದನ್ನು ತೆರೆಯಿತು. ಅದನ್ನು ಕಟ್ಟಿದವರಲ್ಲಿ ತಡದಕ್ಕ ಮೊದಲಿಗಳು. ಅದರಲ್ಲಿ ತುಂಡು ಪೂರ್ತಿಯಾಗುವ ಮೊದಲೇ ಅದರ ಚೂರುಗಳನ್ನು ಒಂದರ ಹಿಂದೊಂದು ಕಳಿಸಿಬಿಡುತ್ತಿದ್ದರು. ಫೋನು ಮೂರು ಸೆಕೆಂಡಿನಷ್ಟನ್ನು ಮಾತ್ರ ಕೈಯಲ್ಲಿಟ್ಟುಕೊಳ್ಳುತ್ತಿತ್ತು. ಮೈದಾನಕ್ಕೂ ಫೋನಿಗೂ ನಡುವಿನ ತಡ ಎಂಟು ಸೆಕೆಂಡಿಗೆ ಇಳಿಯಿತು, ಹೆಚ್ಚುಕಡಿಮೆ ಟೀಚರಮ್ಮನ ಟಿವಿಯ ಸಮಕ್ಕೆ. ಹಳೆಯ ದಾರಿಯನ್ನೂ ಮುಚ್ಚಲಿಲ್ಲ. ಬೇಕಾದರೆ ಎಲ್ಲರನ್ನೂ ಅದಕ್ಕೆ ತಿರುಗಿಸಲು ಒಂದು ಗುಂಡಿ ಇಟ್ಟಿದ್ದರು.

ಆ ಭಾನುವಾರ ಮಧ್ಯಾಹ್ನ ಲೀಗಿನ ಅಂತಿಮ ಪಂದ್ಯ. ಗುಬ್ಬಿ ಹಳದಿ ಅಂಗಿ ತೊಟ್ಟು ಗೋಲಿನ ಬಾಯಲ್ಲಿ ನಿಂತಿದ್ದಳು. ತಡದಕ್ಕ ಕಂಟ್ರೋಲ್ ರೂಮಿನ ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಎದುರು ಗೋಡೆಯಲ್ಲಿ ಮೂರು ಪರದೆ. ಎಡಗಡೆಯದು ಮೈದಾನದಿಂದ ಉಪಗ್ರಹದ ಮೂಲಕ ಸೀದಾ ಬರುವ ಚಿತ್ರ. ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡು, ಚಿತ್ರವನ್ನು ಅತ್ತ ಹಿಂಡಿ ಚಿಕ್ಕದು ಮಾಡಿ ಕಳಿಸಿ ಇತ್ತ ಬಿಚ್ಚಿ ನೋಡಲು ಉಳಿದದ್ದು, ಎಲ್ಲ ಸೇರಿ ಎರಡು ಸೆಕೆಂಡು. ನಡುವಿನದು ಮನೆಗಳಲ್ಲಿ ಇರುವಂಥದೇ ಡಿಶ್ ಟಿವಿ, ಏಳು ಸೆಕೆಂಡು. ಬಲಗಡೆಯದು ತಮ್ಮದೇ ಸ್ಟ್ರೀಮು, ಜನ ಫೋನಿನಲ್ಲಿ ನೋಡುವ ಹಾಗೆ.

ಮೊದಲರ್ಧದಲ್ಲೇ ಜನ ಮುಗಿಬಿದ್ದರು. ಎಣಿಸಿದ್ದಕ್ಕಿಂತ ಮೂರು ಪಟ್ಟು. ದುರ್ಬಲ ನೆಟ್‌ವರ್ಕಿನ ಫೋನುಗಳಲ್ಲಿ ಚಿತ್ರ ನಿಂತು ನಿಂತು ಮುಂದುವರಿಯತೊಡಗಿತು. ಕೈಯಲ್ಲಿದ್ದ ಮೂರು ಸೆಕೆಂಡು ಕಣ್ಣು ಮಿಟುಕಿಸುವಷ್ಟರಲ್ಲಿ ಬರಿದಾಗುತ್ತಿತ್ತು. ಶಿಫ್ಟಿನ ಮುಖ್ಯಸ್ಥ ಅವಳ ಕುರ್ಚಿಯ ಹಿಂದೆ ಬಂದು ನಿಂತ. ಒಳ್ಳೆಯ ಮನುಷ್ಯ, ಆದರೆ ತಲೆಬಿಸಿಯಾದರೆ ಪೆನ್ನಿನ ಮುಚ್ಚಳ ಕಚ್ಚುವ ಚಾಳಿ.

"ಏನ್ಮಾಡೋಣ, ಅಕ್ಕ?"

"ಹಳೇ ದಾರಿಗೆ ತಿರುಗಿಸೋಣ, ಸರ್. ಹಾಫ್ ಟೈಮಲ್ಲಿ ಮಾಡಿದ್ರೆ ಯಾರಿಗೂ ಗೊತ್ತಾಗಲ್ಲ."

"ನೀನು ಕಟ್ಟಿದ್ದನ್ನ ನೀನೇ ಆರಿಸ್ತೀಯಾ?"

"ತಡ ಆದ್ರೂ ಪರವಾಗಿಲ್ಲ, ನಿಲ್ಲಬಾರದು."

ವಿರಾಮದಲ್ಲಿ ಗುಂಡಿ ಒತ್ತಿದವಳು ಅವಳೇ. ಎರಡನೇ ಅರ್ಧ ಶುರುವಾದಾಗ ಬಲಗಡೆಯ ಪರದೆಯ ತಡ ನಲವತ್ತಮೂರು ಸೆಕೆಂಡಿಗೆ ಹೋಗಿ ನಿಂತಿತು. ಅದರಲ್ಲಿ ಇಪ್ಪತ್ತನಾಲ್ಕು ಸೆಕೆಂಡು ಫೋನು ಕೂಡಿಟ್ಟುಕೊಂಡ ನಾಲ್ಕು ತುಂಡುಗಳದೇ. ಉಳಿದದ್ದು ಮೈದಾನದಿಂದ ಬರಲು, ಹಿಂಡಲು, ತುಂಡು ತುಂಬಲು, ಸರ್ವರಿಂದ ಸರ್ವರಿಗೆ ಸಾಗಲು. ಚಿತ್ರ ಮಾತ್ರ ಎಣ್ಣೆ ಹಚ್ಚಿದ ಹಾಗೆ ಸಲೀಸಾಗಿ ಓಡುತ್ತಿತ್ತು. ಮುಖ್ಯಸ್ಥ ಮುಚ್ಚಳವನ್ನು ಪೆನ್ನಿಗೆ ಸಿಕ್ಕಿಸಿದ. ತಡದಕ್ಕ ಆ ದಿನ ಮೊದಲ ಬಾರಿಗೆ ಬೆನ್ನನ್ನು ಕುರ್ಚಿಗೆ ಒರಗಿಸಿದಳು.

ಎಪ್ಪತ್ತೊಂದನೇ ನಿಮಿಷ. ಎದುರು ತಂಡಕ್ಕೆ ಕಾರ್ನರ್, ಮೂಲೆಯಿಂದ ಒದೆಯುವ ಅವಕಾಶ. ಎಡಗಡೆಯ ಪರದೆಯಲ್ಲಿ ಚೆಂಡು ತೇಲಿ ಬಂತು. ಗುಬ್ಬಿ ಮುಂದೆ ನುಗ್ಗಿ ಎರಡೂ ಕೈಯಲ್ಲಿ ಅದನ್ನು ಹಿಡಿಯಲು ಬಾಗಿದಳು. ಓಡಿಬಂದ ಆಟಗಾರ್ತಿಯ ಮೊಣಕಾಲು ಅವಳ ಕೆನ್ನೆಗೆ ಅಪ್ಪಳಿಸಿತು. ಗುಬ್ಬಿ ಬಿದ್ದಳು. ನೋವಾದವರು ಬಿದ್ದು ಹೊರಳುತ್ತಾರೆ, ಕೈ ಎತ್ತುತ್ತಾರೆ. ಅವಳು ಹೊರಳಲಿಲ್ಲ, ಕೈ ಎತ್ತಲಿಲ್ಲ. ಮಡಚಿಟ್ಟ ಬಟ್ಟೆ ಅಲಮಾರಿಯಿಂದ ಜಾರಿ ಬಿದ್ದ ಹಾಗೆ ಬಿದ್ದು ಹಾಗೇ ಇದ್ದಳು.

ಎದ್ದು ನಿಂತಳೋ ಕುಳಿತೇ ಇದ್ದಳೋ ತಡದಕ್ಕನಿಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ನಡುವಿನ ಪರದೆಯಲ್ಲಿ ಚೆಂಡು ತೇಲಿ ಬಂತು, ಗುಬ್ಬಿ ಮುಂದೆ ನುಗ್ಗಿದಳು, ಮತ್ತೆ ಬಿದ್ದಳು.

ಬಲಗಡೆಯ ಪರದೆಯಲ್ಲಿ ಗುಬ್ಬಿ ಆರಾಮಾಗಿ ನಿಂತು, ಕೈಗವಸಿನ ಪಟ್ಟಿ ಬಿಗಿದುಕೊಳ್ಳುತ್ತ, ಮುಂದಿನವರಿಗೆ ಏನೋ ಕೂಗಿ ಹೇಳುತ್ತಿದ್ದಳು.

ಅದನ್ನು ನೋಡಿದ ಕೂಡಲೇ ತಡದಕ್ಕನಿಗೆ ಅಮ್ಮ ನೆನಪಾದಳು. ಅಮ್ಮನ ಹೃದಯಕ್ಕೆ ಎರಡು ವರ್ಷದ ಹಿಂದೆ ಆಪರೇಷನ್ ಆಗಿತ್ತು. ಅಮ್ಮ ಈಗ ಮನೆಯಲ್ಲಿ ಒಬ್ಬಳೇ, ಫೋನನ್ನು ಕನ್ನಡಕದ ಹತ್ತಿರ ಹಿಡಿದುಕೊಂಡು, ಈ ನಿಂತಿರುವ ಗುಬ್ಬಿಯನ್ನು ನೋಡುತ್ತಿದ್ದಾಳೆ.

"ಅಕ್ಕ, ತಡೆ ಚಿತ್ರ ಹಾಕ್ಲಾ?" ಮುಖ್ಯಸ್ಥ ಕೇಳಿದ. ಗೋಲಿನಲ್ಲಿರುವವಳು ಯಾರೆಂದು ಅವನಿಗೂ ಗೊತ್ತು. ಪ್ರಸಾರ ಕೆಟ್ಟಾಗ ಹಾಕಲು 'ಸ್ವಲ್ಪ ಹೊತ್ತಿನಲ್ಲಿ ಮರಳುತ್ತೇವೆ' ಎಂಬ ಒಂದು ಚಿತ್ರ ಅವರಲ್ಲಿ ಸದಾ ಸಿದ್ಧವಿರುತ್ತಿತ್ತು.

"ಹಾಕಿದ್ರೂ ಅವಳು ಬಿದ್ದಾದ ಮೇಲೆ ಬರತ್ತೆ, ಸರ್. ಬಿದ್ದಿದ್ದು ಆಗಲೇ ನಮ್ಮ ಕೈ ದಾಟಿ ಹೋಗಿದೆ."

ಮೇಜಿನ ಮೇಲಿನ ದೂರವಾಣಿ ಎತ್ತಿಕೊಂಡಳು. ಅಮ್ಮನ ನಂಬರಿಗೇ ಮಾಡಿದರೆ ಚಿತ್ರ ನಿಲ್ಲುತ್ತದೆ ನಿಜ, ಆದರೆ ಅಮ್ಮ ಒಬ್ಬಳೇ ಇದ್ದಾಳೆ. ಬೆರಳು ತಾನಾಗಿ ಟೀಚರಮ್ಮನ ನಂಬರು ಒತ್ತಿತು. ಒಂದು ರಿಂಗು. ಎರಡು. ಮೂರು.

"ನಾನು ನಿಮ್ಮನೇಲೇ ಇದೀನಿ ಕಣಮ್ಮ" ಎಂದರು ಟೀಚರಮ್ಮ, ಏದುಸಿರಿನಲ್ಲಿ. ಅವರ ಟಿವಿ ಅವರಿಗೆ ಆಗಲೇ ತೋರಿಸಿತ್ತು. ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದ್ದರು. "ಹೇಳೋಕೆ ಬಿಡ್ತಿಲ್ಲ. ಬಾಯಿ ಬಿಡಬೇಡ, ನಾನೇ ನೋಡ್ತೀನಿ ಅಂತಾಳೆ."

ಹಿಂದಿನಿಂದ ಅಮ್ಮನ ನಗೆ ಕೇಳಿಸಿತು. "ಏನಾಯ್ತು ಅಂತ ಹೇಳ್ಬೇಡ್ರಿ ಮತ್ತೆ! ಮಾತು ಕೊಟ್ಟಿದ್ದೀರಿ!"

ಅದರ ಹಿಂದೆ ಅಮ್ಮನ ಫೋನಿನ ವೀಕ್ಷಕ ವಿವರಣೆ. ತಡದಕ್ಕ ಕಿವಿಗೊಟ್ಟು ಕೇಳಿದಳು. ಅದು ಇನ್ನೂ ಮೈದಾನದ ಅಂಚಿನಿಂದ ಎಸೆದ ಥ್ರೋ ಒಂದರ ಬಗ್ಗೆ ಹೇಳುತ್ತಿತ್ತು. ಬಲಗಡೆಯ ಪರದೆಯಲ್ಲಿ ಆ ಥ್ರೋ ಯಾವಾಗಲೋ ಮುಗಿದಿತ್ತು. ಅಲ್ಲಿ ಆಗಲೇ ಕಾರ್ನರ್ ಬಾವುಟದ ಬಳಿ ಚೆಂಡು ಇಡುತ್ತಿದ್ದರು. ಅಮ್ಮನ ಫೋನು ಮೊದಲರ್ಧದಲ್ಲಿ ನಿಂತಷ್ಟು ಸಲವೂ ಹಿಂದೆ ಬಿದ್ದು, ಅಲ್ಲಿಂದಲೇ ಮುಂದುವರಿದಿತ್ತು. ಅಮ್ಮ ಎಲ್ಲರಿಗಿಂತಲೂ ಹಿಂದಿದ್ದಳು; ಒಂದು ನಿಮಿಷವಿರಬಹುದು, ಇನ್ನೂ ಹೆಚ್ಚಿರಬಹುದು. ಅಮ್ಮನ ಪಾಲಿಗೆ ಗುಬ್ಬಿಗೆ ಇನ್ನೂ ಏನೂ ಆಗಿರಲಿಲ್ಲ.

"ಟೀಚರಮ್ಮ, ನಿಮ್ಮ ಫೋನನ್ನ ಅಮ್ಮನ ಕಿವಿಗೆ ಇಡಿ."

ಸರಸರ ಸದ್ದು. "ಯಾರೇ? ನೀನಾ? ಆಟ ನಡೀತಿರುವಾಗ—"

"ಅಮ್ಮ, ನಾನು ಹೇಳೋದು ಕೇಳು. ಕೂತಿದ್ದೀಯಾ? ಗುಬ್ಬಿಗೆ ಪೆಟ್ಟಾಗಿದೆ. ಡಾಕ್ಟರು ಅವಳ ಹತ್ತಿರಾನೇ ಇದ್ದಾರೆ."

ಅಮ್ಮ ಮಗಳ ತಪ್ಪು ತಿದ್ದುವ ದನಿಯಲ್ಲಿ, "ಇಲ್ವಲ್ಲೇ. ಇಲ್ಲೇ ನಿಂತಿದ್ದಾಳೆ. ನೋಡ್ತಾ ಇದೀನಲ್ಲ" ಎಂದಳು.

ತಡದಕ್ಕನ ಕಣ್ಣೆದುರು ಬಲಗಡೆಯ ಪರದೆಯಲ್ಲಿ ಗುಬ್ಬಿ ಮೂರನೇ ಸಲ ಬಿದ್ದಳು. ಇಡೀ ಕೋಣೆ ಅದನ್ನು ನೋಡಿತು. ಎಡಗಡೆಯ ಪರದೆಯಲ್ಲಿ ಸ್ಟ್ರೆಚರ್ ಬಂದಿತ್ತು. ಅಮ್ಮ ನೋಡುತ್ತಿದ್ದ ಗುಬ್ಬಿ ಮಾತ್ರ ನಿಂತೇ ಇದ್ದಳು.

"ಅದು ಹಿಂದಿಂದಮ್ಮ" ಎಂದಳು ತಡದಕ್ಕ. "ಅದು ಆಗಿಹೋಗಿರೋದು. ನಿನ್ನ ಫೋನಿಗೆ ಇನ್ನೂ ಬಂದಿಲ್ಲ, ಅಷ್ಟೆ. ನೋಡಬೇಡ. ಟೀಚರಮ್ಮನ ಕೈಗೆ ಕೊಟ್ಬಿಡು."

"ನಿಂತಿದ್ದಾಳೆ ಕಣೇ..." ಅಮ್ಮನ ದನಿ ಇಳಿಯಿತು. "ಕೈಗವಸು ಕಟ್ಕೊಳ್ತಿದ್ದಾಳೆ."

"ಗೊತ್ತಮ್ಮ. ನಾನೂ ನೋಡಿದೆ. ಕೊಟ್ಬಿಡು."

ವಿವರಣೆಯ ದನಿ ಆ ಕಡೆ ಥಟ್ಟನೆ ನಿಂತಿತು. ಟೀಚರಮ್ಮ ಅಮ್ಮನ ಫೋನನ್ನು ಆರಿಸಿದ್ದರು. ಆಮೇಲೆ ಕೇಳಿಸಿದ್ದು ಅಮ್ಮನ ಉಸಿರು ಮಾತ್ರ. ಕಿವಿಯಲ್ಲಿ ಆ ಉಸಿರನ್ನಿಟ್ಟುಕೊಂಡೇ ತಡದಕ್ಕ ಎಡಗಡೆಯ ಪರದೆಯಲ್ಲಿ ತಂಗಿಯನ್ನು ಹೊತ್ತು ಹೊರಗೆ ಒಯ್ಯುವುದನ್ನು ನೋಡಿದಳು. ಹಳದಿ ಅಂಗಿಯ ಒಂದು ತೋಳು ಸ್ಟ್ರೆಚರಿನಿಂದ ಕೆಳಗೆ ಇಳಿಬಿದ್ದಿತ್ತು. ಯಾರೋ ಅದನ್ನು ಎತ್ತಿ ಎದೆಯ ಮೇಲಿಟ್ಟರು.

ಮುಖ್ಯಸ್ಥ ಅವಳ ಕೈಯಿಂದ ಮೆಲ್ಲಗೆ ದೂರವಾಣಿ ಬಿಡಿಸಿಕೊಂಡ. "ಹೊರಗೆ ಕಾರು ನಿಂತಿದೆ. ಹೋಗು. ಇಲ್ಲಿಂದು ನಾನು ನೋಡ್ಕೊಳ್ತೀನಿ."

ಅಮ್ಮನನ್ನೂ ಟೀಚರಮ್ಮನನ್ನೂ ಹತ್ತಿಸಿಕೊಂಡು ಪಂದ್ಯ ನಡೆದ ಊರಿನ ಆಸ್ಪತ್ರೆ ಮುಟ್ಟಲು ಮೂರು ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ಅಮ್ಮ ಒಂದೇ ಮಾತನ್ನು ತಿರುತಿರುಗಿ ಕೇಳುತ್ತಿದ್ದಳು. "ನಾನು ನೋಡ್ತಿರುವಾಗ ಅವಳು ಬಿದ್ದೇ ಹೋಗಿದ್ಲಾ? ನಾನು ನಗ್ತಿರುವಾಗ?" ವಿರಾಮದಲ್ಲಿ ತಾನು ಒತ್ತಿದ ಗುಂಡಿ ತಡದಕ್ಕನ ತಲೆಯಲ್ಲಿ ಸುತ್ತುತ್ತಿತ್ತು. ಬೇಗದ ದಾರಿಯನ್ನು ಹಾಗೇ ಬಿಟ್ಟಿದ್ದರೆ ಅಮ್ಮ ಬಹುಶಃ ಇನ್ನೂ ಮೊದಲೇ, ಒಬ್ಬಳೇ ಕುಳಿತು, ಅದನ್ನು ಕಣ್ಣಾರೆ ನೋಡುತ್ತಿದ್ದಳು. ತಿರುಗಿಸಿದ್ದಕ್ಕೆ ಟೀಚರಮ್ಮ ಓಡಿಬರಲು ಹೊತ್ತು ಸಿಕ್ಕಿತು. ಆದರೂ ಬಿದ್ದಿದ್ದ ಮಗಳನ್ನು ನಿಂತ ಹಾಗೆ ಅಮ್ಮನಿಗೆ ತೋರಿಸಿದ್ದೂ ಅದೇ ಗುಂಡಿ. ಇದರಲ್ಲಿ ಯಾವುದನ್ನು ಹಿಡಿದುಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ.

ಆಸ್ಪತ್ರೆಯ ಮೂರನೇ ಮಹಡಿಯ ಮೊಗಸಾಲೆಯಲ್ಲಿ ಡಾಕ್ಟರು ಹೇಳಿದರು: ಕೆನ್ನೆಯ ಮೂಳೆ ಮುರಿದಿದೆ, ಮೆದುಳು ಅಲುಗಿದೆ, ಆದರೆ ಒಳಗೆ ರಕ್ತ ಸೋರಿಲ್ಲ. ಪ್ರಜ್ಞೆ ಬಂದಿದೆ, ಮಾತಾಡಿದ್ದಾಳೆ. ಅಮ್ಮ ಅಲ್ಲೇ ಗೋಡೆಗೊರಗಿ ನೆಲಕ್ಕೆ ಕುಳಿತಳು.

ಒಳಗೆ ಹೋದಾಗ ಗುಬ್ಬಿಯ ಮುಖ ಒಂದು ಕಡೆ ಬಲೂನಿನ ಹಾಗೆ ಊದಿಕೊಂಡಿತ್ತು. ಒಂದೇ ಕಣ್ಣು ತೆರೆದು ಅಕ್ಕನನ್ನು ನೋಡಿದಳು.

"ಚೆಂಡು ಒಳಗೆ ಹೋಯ್ತಾ?"

ಅಕ್ಕ ಅಮ್ಮನ ಮುಖ ನೋಡಿದಳು. ಅಮ್ಮ ಟೀಚರಮ್ಮನ ಮುಖ ನೋಡಿದಳು. ಮೂರು ಪರದೆಯಲ್ಲಿ ಮೂರು ಸಲ ನೋಡಿಯೂ ಚೆಂಡು ಎಲ್ಲಿ ಹೋಯಿತೆಂದು ತಡದಕ್ಕ ಗಮನಿಸಿರಲಿಲ್ಲ. ಕೊನೆಗೆ ಟೀಚರಮ್ಮನೇ ದನಿ ತಗ್ಗಿಸಿ, "ಇಲ್ಲಮ್ಮ. ನಿನ್ನ ಹೊಟ್ಟೆ ಕೆಳಗೇ ಇತ್ತು. ಬಿಟ್ಟಿರಲಿಲ್ಲ ನೀನು" ಎಂದರು. ಗುಬ್ಬಿ ಕಣ್ಣು ಮುಚ್ಚಿಕೊಂಡಳು.

ಹನ್ನೆರಡನೇ ದಿನ ತಡದಕ್ಕ ಕೆಲಸಕ್ಕೆ ಮರಳಿದಳು. ಮೊದಲ ವಾರ ಬಲಗಡೆಯ ಪರದೆಯತ್ತ ತಲೆಯೆತ್ತಲು ಆಗುತ್ತಿರಲಿಲ್ಲ. ಯಾರೋ ನಗುತ್ತ ಓಡುವುದು ಕಂಡರೂ, ಇವಳಿಗೆ ಆಗಲೇ ಏನೋ ಆಗಿಹೋಗಿದೆ ಎಂದೇ ಅನ್ನಿಸುತ್ತಿತ್ತು. ಎರಡನೇ ವಾರ ಅವಳು ಒಂದು ಪುಟದ ಕಾಗದ ಬರೆದು ಲೀಗಿನವರಿಗೆ ಕಳಿಸಿದಳು. ಅದರಲ್ಲಿ ತುಂಡು, ಸರ್ವರು ಎಂಬ ಮಾತು ಒಂದೂ ಇರಲಿಲ್ಲ. ಮೈದಾನದಲ್ಲಿ ಆದದ್ದು ಟಿವಿಗೆ ಒಂದು ಹೊತ್ತಿಗೆ, ಫೋನಿಗೆ ಇನ್ನೊಂದು ಹೊತ್ತಿಗೆ, ದುರ್ಬಲ ನೆಟ್‌ವರ್ಕಿನ ಫೋನಿಗೆ ಮತ್ತೊಂದು ಹೊತ್ತಿಗೆ ಮುಟ್ಟುತ್ತದೆ. ಇದನ್ನು ಪೂರ್ತಿ ಸರಿಮಾಡಲು ನಮ್ಮಿಂದ ಆಗದು. ಆದರೆ ಮೈದಾನದಿಂದ ಒಂದು ದೂರವಾಣಿ ಕರೆ ಫೋನಿನ ಚಿತ್ರಕ್ಕಿಂತ ಮೊದಲು ಮನೆ ಮುಟ್ಟಬಲ್ಲದು. ಪ್ರತಿ ತಂಡದಲ್ಲೂ ಒಬ್ಬರ ಕೈಯಲ್ಲಿ ಆಟಗಾರರ ಮನೆಯವರ ನಂಬರುಗಳಿರಲಿ, ಜೊತೆಗೆ ಪಕ್ಕದ ಮನೆಯವರದೂ ಇರಲಿ. ಇಷ್ಟೇ ಬರೆದಿದ್ದಳು.

ಮೂರು ತಿಂಗಳು ಯಾರೂ ಉತ್ತರಿಸಲಿಲ್ಲ. ಮುಂದಿನ ಸಾಲಿನ ಲೀಗ್ ಶುರುವಾಗುವ ವಾರದಲ್ಲಿ ಗುಬ್ಬಿಯ ತಂಡದಿಂದ ಒಬ್ಬ ಹೆಂಗಸು ಕರೆ ಮಾಡಿ, ಮನೆಯ ನಂಬರು ಸರಿಯಿದೆಯೇ ಎಂದು ವಿಚಾರಿಸಿದರು. ಗುಬ್ಬಿ ಆಗಿನ್ನೂ ಅಭ್ಯಾಸಕ್ಕೆ ಮಾತ್ರ ಹೋಗುತ್ತಿದ್ದಳು, ಬದಲಿ ಆಟಗಾರ್ತಿಯಾಗಿ ಬೆಂಚಿನಲ್ಲಿ ಕೂರುವ ಸರದಿಯೂ ಬಂದಿರಲಿಲ್ಲ. ಆದರೂ ತಡದಕ್ಕ ನಂಬರನ್ನು ಒಂದೊಂದೇ ಅಂಕಿಯಾಗಿ ಬಿಡಿಸಿ ಹೇಳಿದಳು, ಆ ಕಡೆಯವರು ಓದಿ ಹೇಳಿದ್ದನ್ನು ಕೇಳಿಸಿಕೊಂಡಳು, ಆಮೇಲೆ ಟೀಚರಮ್ಮನ ನಂಬರನ್ನೂ ಬರೆಸಿದಳು.